ಬೇರಿಯಂ ಸಲ್ಫೇಟ್ ತೂಕ ಪ್ರತಿ ಸಲ ಕಡಿಮೆ ಬರುತ್ತಿದೆ, 15 ಮಿಲಿಗ್ರಾಂ ಎಲ್ಲಿಗೆ ಹೋಗುತ್ತಿದೆ?

ಮಂಡ್ಯದ ಪಿಪೆಟ್ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಎಂಎಸ್ಸಿ ಮೊದಲ ವರ್ಷ ಓದುತ್ತಿದ್ದೇನೆ. ಸಲ್ಫೇಟನ್ನು ಬೇರಿಯಂ ಸಲ್ಫೇಟ್ ಮಾಡಿ ತೂಗುವ ಪ್ರಾಕ್ಟಿಕಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೂರು ಸಲ ಮಾಡಿದೆ, ಮೂರು ಸಲವೂ ಕಡಿಮೆ.

ಲೀಟರಿಗೆ 12.00 ಗ್ರಾಂ ಪೊಟ್ಯಾಸಿಯಂ ಸಲ್ಫೇಟ್ ಇರುವ ದ್ರಾವಣ. ಅದರಲ್ಲಿ 25 ಎಂಎಲ್ ತೆಗೆದುಕೊಂಡರೆ 0.3000 ಗ್ರಾಂ. ಲೆಕ್ಕದ ಪ್ರಕಾರ 0.4018 ಗ್ರಾಂ BaSO4 ಬರಬೇಕು. ನನಗೆ ಬಂದಿದ್ದು 0.3862, 0.3791, 0.3904.

ಮಾಡಿದ್ದು ಹೀಗೆ. 25 ಎಂಎಲ್‌ಗೆ ನೀರು ಹಾಕಿ 150 ಎಂಎಲ್ ಮಾಡಿದೆ, 1 ಎಂಎಲ್ ಗಾಢ HCl ಹಾಕಿದೆ, ಕುದಿ ಬಂದ ಮೇಲೆ 10 ಎಂಎಲ್ 10% ಬೇರಿಯಂ ಕ್ಲೋರೈಡ್ ಹಾಕಿದೆ. ಬರ್ನರ್ ಮೇಲೆ ಹದಿನೈದು ನಿಮಿಷ ಇಟ್ಟು, ಬಿಸಿಯಿದ್ದಾಗಲೇ ಫಿಲ್ಟರ್ ಮಾಡಿದೆ. ಬಿಸಿನೀರಲ್ಲಿ ಕ್ಲೋರೈಡ್ ಹೋಗುವ ತನಕ ತೊಳೆದೆ, ಸುಮಾರು 300 ಎಂಎಲ್ ಆಯಿತು. ಆಮೇಲೆ ಕ್ರೂಸಿಬಲ್‌ನಲ್ಲಿ ಪೇಪರ್ ಸುಟ್ಟು ಮಫಲ್ ಫರ್ನೇಸ್‌ಗೆ ಇಟ್ಟೆ.

ನಮ್ಮ ಸರ್ "ತೊಳೆಯುವಾಗ ಕರಗಿ ಹೋಗಿರುತ್ತೆ, ಕಡಿಮೆ ನೀರು ಹಾಕು" ಅಂದರು. ಅದೇನಾ ಕಾರಣ?

ಒಂಟಿಕೊಪ್ಪಲ್ ಹುಡುಗ

ಪಿಪೆಟ್ ಸರಿ ಇದೆಯಾ ನೋಡು ಮೊದಲು. ನಮ್ಮ ಬ್ಯಾಚ್‌ನಲ್ಲಿ ತುದಿ ಮುರಿದ ಪಿಪೆಟ್ ಇಟ್ಟುಕೊಂಡು ಒಂದು ಸೆಮಿಸ್ಟರ್ ಕಳೆದವರಿದ್ದಾರೆ.

ಸುಮ್ನೆ ಓದುಗ

ಸರ್ ಹೇಳಿದ್ದು ಸರಿ ಅನ್ನಿಸುತ್ತೆ. ಬಿಸಿನೀರಲ್ಲಿ ಜಾಸ್ತಿ ಕರಗುತ್ತೆ ಅಲ್ವಾ? ಆಲ್ಕೋಹಾಲ್ ಬೆರೆಸಿದ ತಣ್ಣೀರಲ್ಲಿ ತೊಳೆಯಿರಿ, ಒಂದು ಚೂರೂ ಹೋಗಲ್ಲ.

ನೀರಿನ ಲ್ಯಾಬ್ ಶಾರದಕ್ಕ · ಮಂಗಳವಾರ ಬೆಳಿಗ್ಗೆ 6:15

ಮೈಸೂರಿನಲ್ಲಿ ನೀರು ಪರೀಕ್ಷೆ ಲ್ಯಾಬ್‌ನಲ್ಲಿ ಬಹಳ ವರ್ಷ ಇದ್ದೆ, ಈಗ ನಿವೃತ್ತಿ. ಈ ವಿಷಯ ನೋಡಿದ ಮೇಲೆ ಕಾಫಿ ಆರಿಹೋದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲು ಕರಗುವ ಲೆಕ್ಕ ಮಾಡೋಣ. ಬೇರಿಯಂ ಸಲ್ಫೇಟ್ ತಣ್ಣಗಿನ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 2.4 ಮಿಲಿಗ್ರಾಂ ಕರಗುತ್ತದೆ. ಕುದಿಯುವ ನೀರಲ್ಲಿ ಹತ್ತಿರ ಹತ್ತಿರ 4 ಮಿಲಿಗ್ರಾಂ. ನೀವು 300 ಎಂಎಲ್ ಬಿಸಿನೀರು ಸುರಿದಿದ್ದೀರಿ. ಅಷ್ಟೂ ನೀರು ಪೂರ್ತಿ ತುಂಬಿಕೊಂಡೇ ಹೋಯಿತು ಅಂದರೂ 1.2 ಮಿಲಿಗ್ರಾಂ. ನಿಜದಲ್ಲಿ ಫನಲ್‌ನಿಂದ ಇಳಿಯುವ ನೀರಿಗೆ ಅಷ್ಟು ಕರಗಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ನಿಮಗೆ ಹೋಗಿರುವುದು 11ರಿಂದ 23 ಮಿಲಿಗ್ರಾಂ. ಅಂದರೆ ತೊಳೆದ ನೀರು ಕಳ್ಳ ಅಲ್ಲ, ಅಥವಾ ಕಳ್ಳರ ಗುಂಪಿನಲ್ಲಿ ತೀರಾ ಚಿಕ್ಕವನು.

ಇನ್ನೊಂದು. ಮೂರು ಉತ್ತರಗಳು ಒಂದಕ್ಕೊಂದು ನಾಲ್ಕರಿಂದ ಹನ್ನೊಂದು ಮಿಲಿಗ್ರಾಂ ದೂರ ಇವೆ. ಪಿಪೆಟ್ ತಪ್ಪಾಗಿದ್ದರೆ ಮೂರೂ ಒಂದೇ ಕಡೆ ಬರಬೇಕಿತ್ತು. ಹೀಗೆ ಚೆಲ್ಲಾಪಿಲ್ಲಿ ಆಗಿದೆ ಅಂದರೆ ಕೈಯಲ್ಲಿ ಎಲ್ಲೋ ಜಾರುತ್ತಿದೆ. ಯಾವ ಫಿಲ್ಟರ್ ಪೇಪರ್? ಫಿಲ್ಟ್ರೇಟ್ ಏನು ಮಾಡಿದಿರಿ?

ಮಂಡ್ಯದ ಪಿಪೆಟ್

ವಾಟ್‌ಮನ್ 41 ಮೇಡಂ. 42 ಇತ್ತು, ಆದರೆ ತುಂಬಾ ನಿಧಾನ. ನಾಲ್ಕೂವರೆಗೆ ಅಟೆಂಡರ್ ಅಣ್ಣ ಲ್ಯಾಬ್ ಬಾಗಿಲು ಹಾಕುತ್ತಾರೆ. ಫಿಲ್ಟ್ರೇಟ್ ಸಿಂಕ್‌ಗೆ ಚೆಲ್ಲಿದೆ.

ನೀರಿನ ಲ್ಯಾಬ್ ಶಾರದಕ್ಕ

ಅಯ್ಯೋ ಮಗು! ನಿಮ್ಮ ಹದಿನೈದು ಮಿಲಿಗ್ರಾಂ ಸಿಂಕ್‌ನಲ್ಲಿದೆ. 41ನೇ ನಂಬರ್ ಪೇಪರಿನ ರಂಧ್ರ 20 ಮೈಕ್ರಾನ್‌ಗಿಂತ ದೊಡ್ಡದು. ಅದು ಕಬ್ಬಿಣದ ಹೈಡ್ರಾಕ್ಸೈಡ್ ತರಹ ಮುದ್ದೆ ಮುದ್ದೆ ಇರುವುದಕ್ಕೆ. 42ನೆಯದು 2.5 ಮೈಕ್ರಾನ್. ಹದಿನೈದು ನಿಮಿಷದ ಬೇರಿಯಂ ಸಲ್ಫೇಟ್ ಹಿಟ್ಟಿನ ಹಾಗೆ ಇರುತ್ತದೆ. ಜರಡಿಯಲ್ಲಿ ಮೈದಾ ಹಿಡಿಯೋಕೆ ಹೊರಟ ಹಾಗಾಯಿತು.

ಚೆಲ್ಲುವ ಮುಂಚೆ ಫಿಲ್ಟ್ರೇಟನ್ನು ಗಾಜಿನ ಬೀಕರ್‌ನಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಪ್ಪು ಬಟ್ಟೆ ಮೇಲೆ ಇಟ್ಟು, ಮೆಲ್ಲಗೆ ಒಂದು ಸುತ್ತು ತಿರುಗಿಸಿ. ತಳದಿಂದ ಹೊಗೆ ಎದ್ದ ಹಾಗೆ ಬಿಳಿ ಎದ್ದರೆ ಅದೇ ನಿಮ್ಮ ಮಾಲು. ಫಿಲ್ಟರ್ ಮಾಡುವಾಗ ಕಣ್ಣಿಗೆ ತಿಳಿಯಾಗಿ ಕಂಡಿದ್ದೂ ಬೆಳಿಗ್ಗೆ ಹೀಗೆ ಸಿಕ್ಕಿಬೀಳುತ್ತದೆ.

ಜಿ4 ಜಗ್ಗ

ಪೇಪರ್ ಯಾಕೆ ಬೇಕು? ಸಿಂಟರ್ಡ್ ಗ್ಲಾಸ್ ಕ್ರೂಸಿಬಲ್ ಜಿ4 ತಗೊಳ್ಳಿ, ಪಂಪ್ ಹಾಕಿ ಎಳೆಯಿರಿ, ಓವನ್‌ನಲ್ಲಿ ಒಣಗಿಸಿ, ತೂಗಿ. ಮುಗೀತು. ಸುಡೋ ಕೆಲಸವೇ ಇಲ್ಲ.

ನೀರಿನ ಲ್ಯಾಬ್ ಶಾರದಕ್ಕ

ಮುಗಿಯುತ್ತದೆ ಜಗ್ಗ ಅವರೇ, ಪ್ರೆಸಿಪಿಟೇಟ್ ಚೆನ್ನಾಗಿ ಬಲಿತಿದ್ದರೆ. ಹಸಿ ಪ್ರೆಸಿಪಿಟೇಟನ್ನು ಪಂಪ್ ಹಾಕಿ ಎಳೆದರೆ ಒಂದಷ್ಟು ಆಚೆ ಹೋಗುತ್ತದೆ, ಉಳಿದದ್ದು ರಂಧ್ರದೊಳಗೆ ಕೂತು ಕ್ರೂಸಿಬಲ್ ಕಟ್ಟಿಕೊಳ್ಳುತ್ತದೆ. ಆಮೇಲೆ ಅದನ್ನು ತೆಗೆಯಲು ಬಿಸಿ ಗಾಢ ಸಲ್ಫ್ಯೂರಿಕ್ ಆಸಿಡ್ಡೇ ಬೇಕು, ಇಲ್ಲಾಂದರೆ ಅಮೋನಿಯಾ ಹಾಕಿದ ಇಡಿಟಿಎ. ಗಾಜಿನ ಕ್ರೂಸಿಬಲ್‌ನ 800 ಡಿಗ್ರಿಗೆ ಇಡುವ ಹಾಗೂ ಇಲ್ಲ.

ಜಿ4 ಜಗ್ಗ

ಒಪ್ಪಿದೆ, ನನ್ನ ಎರಡು ಕ್ರೂಸಿಬಲ್ ಹಾಗೇ ಕಟ್ಟಿಕೊಂಡು ಈಗ ಪೆನ್ ಸ್ಟ್ಯಾಂಡ್ ಆಗಿವೆ 😄

ಮದ್ದೂರು ತೋಟ

ನಮಸ್ಕಾರ. ನಮ್ಮ ಎರಡು ಎಕರೆ ಚೌಳು ಭೂಮಿ. ಜಿಪ್ಸಮ್ ಹಾಕಿ ಅಂದರು, ಮೂಟೆ ತಂದಿದ್ದೇನೆ. ಅದರಲ್ಲಿ ಬರೀ ಸುಣ್ಣದಕಲ್ಲು ಪುಡಿ ಇದೆ ಅಂತ ಪಕ್ಕದ ಜಮೀನಿನವರು ಹೆದರಿಸುತ್ತಿದ್ದಾರೆ. ನೀವು ಹೇಳುವ ಈ ಪರೀಕ್ಷೆ ಮನೆಯಲ್ಲಿ ಮಾಡಬಹುದಾ?

ಒಂಟಿಕೊಪ್ಪಲ್ ಹುಡುಗ

ಅಣ್ಣ, ಇಲ್ಲಿ ಲ್ಯಾಬಲ್ಲೇ ಸರಿ ಬರ್ತಿಲ್ಲ, ಮನೆಯಲ್ಲಿ ಎಲ್ಲಿ ಬರುತ್ತೆ!

ನೀರಿನ ಲ್ಯಾಬ್ ಶಾರದಕ್ಕ

ನಗಬೇಡಿ, ಒಳ್ಳೆ ಪ್ರಶ್ನೆ. ಮದ್ದೂರಿನವರೇ, ಒಂದು ಚಮಚ ಪುಡಿಗೆ ಸ್ವಲ್ಪ ವಿನಿಗರ್ ಹಾಕಿ. ಜೋರಾಗಿ ನೊರೆ ಬಂದರೆ ಸುಣ್ಣದಕಲ್ಲು ಬೆರೆತಿದೆ. ಜಿಪ್ಸಮ್ ನೊರೆ ಕೊಡುವುದಿಲ್ಲ. ಆದರೆ ನೊರೆ ಬರದಿದ್ದರೆ ಪೂರ್ತಿ ಜಿಪ್ಸಮ್ ಅಂತ ಅರ್ಥ ಅಲ್ಲ, ಮರಳೂ ನೊರೆ ಕೊಡುವುದಿಲ್ಲ. ಎಷ್ಟು ಪರ್ಸೆಂಟ್ ಅಂತ ಗೊತ್ತಾಗಬೇಕಾದರೆ ಲ್ಯಾಬ್‌ಗೇ ಕೊಡಬೇಕು. ಅಪ್ಪಟ ಜಿಪ್ಸಮ್ ಆದರೆ ತೂಕದಲ್ಲಿ 55.8% ಸಲ್ಫೇಟ್ ಇರುತ್ತದೆ.

ಪ್ಯಾನ್‌ಮನೆ ಪುಟ್ಟಣ್ಣ · ಮಂಗಳವಾರ ಸಂಜೆ

ನಾನು ಕೆಮಿಸ್ಟ್ ಅಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್ ಮೇಲೆ ಇದ್ದವನು. ಆದರೆ ಈ ಮಗು ಹೇಳಿದ್ದು ಓದಿದಾಗ ನಮ್ಮ ಕೆಲಸದ್ದೇ ನೆನಪಾಯಿತು. ಪ್ಯಾನ್‌ನಲ್ಲಿ ಸಿರಪ್ ಆತುರಕ್ಕೆ ಬಿಗಿ ಮಾಡಿದರೆ ಇರುವ ಹರಳು ಬೆಳೆಯುವುದು ಬಿಟ್ಟು ಹೊಸದಾಗಿ ಸಣ್ಣ ಸಣ್ಣ ಹರಳು ಹುಟ್ಟಿಬಿಡುತ್ತದೆ. ಫಾಲ್ಸ್ ಗ್ರೇನ್ ಅಂತೀವಿ. ಅದು ಸೆಂಟ್ರಿಫ್ಯೂಗಲ್ ಮಷೀನಿನ ಜಾಲರಿಯಲ್ಲಿ ನಿಲ್ಲಲ್ಲ, ಕಾಕಂಬಿ ಜೊತೆ ಹೊರಟುಹೋಗುತ್ತದೆ. ಸಕ್ಕರೆ ಕಡಿಮೆ ಬಂತು ಅಂತ ಬೈಗುಳ ನಮಗೆ.

ಫಾಲ್ಸ್ ಗ್ರೇನ್ ಬಂದರೆ ನಾವು ಸ್ವಲ್ಪ ನೀರು ಕೊಟ್ಟು, ಬಿಸಿ ಏರಿಸಿ, ಸಣ್ಣ ಹರಳು ಕರಗಿಸುತ್ತಿದ್ದೆವು. ದೊಡ್ಡದು ಉಳಿಯುತ್ತದೆ. ಪ್ರೆಸಿಪಿಟೇಟನ್ನು ಬಿಸಿಯಲ್ಲಿಟ್ಟು ಬಲಿಸುವ ನಿಮ್ಮ ಡೈಜೆಷನ್ ಅನ್ನುವುದೂ ಅದೇ ತಾನೇ?

ನೀರಿನ ಲ್ಯಾಬ್ ಶಾರದಕ್ಕ

ಪುಟ್ಟಣ್ಣನವರೇ, ಕೆಮಿಸ್ಟ್ ಅಲ್ಲ ಅಂದುಕೊಂಡು ಎಲ್ಲವನ್ನೂ ಹೇಳಿಬಿಟ್ಟಿರಿ. ಅದೇ. ಸಣ್ಣ ಹರಳು ದೊಡ್ಡದಕ್ಕಿಂತ ಸ್ವಲ್ಪ ಜಾಸ್ತಿ ಕರಗುತ್ತದೆ. ಬಿಸಿ ದ್ರಾವಣದಲ್ಲಿ ಬಿಟ್ಟರೆ ಸಣ್ಣದು ಕರಗಿ, ಆ ಮಾಲು ಹೋಗಿ ದೊಡ್ಡದರ ಮೇಲೆ ಕೂರುತ್ತದೆ. ಜೊತೆಗೆ ಒಂದೇ ಹರಳಿನ ಮೂಲೆ ಮೊನೆಗಳೂ ಕರಗಿ ಸರಿಯಾಗಿ ಕೂರುತ್ತವೆ, ಅದಕ್ಕೇ ಬಲಿತ ಪ್ರೆಸಿಪಿಟೇಟ್ ಬೀಕರ್ ತಳಕ್ಕೆ ಬೇಗ ಇಳಿಯುತ್ತದೆ.

ಒಂದೇ ವ್ಯತ್ಯಾಸ. ಸಕ್ಕರೆ ಧಾರಾಳವಾಗಿ ಕರಗುವ ವಸ್ತು, ನಿಮ್ಮ ಕೆಲಸ ನಿಮಿಷಗಳಲ್ಲಿ ಆಗುತ್ತದೆ. ಬೇರಿಯಂ ಸಲ್ಫೇಟ್ ಜಿಪುಣ. ಒಂದು ಹರಳಿನಿಂದ ಇನ್ನೊಂದಕ್ಕೆ ಸಾಗಿಸಲು ದ್ರಾವಣದಲ್ಲಿ ಮಾಲೇ ಇರುವುದಿಲ್ಲ. ಅದಕ್ಕೇ ಗಂಟೆಗಟ್ಟಲೆ ಬೇಕು. ನಾವು 80ರಿಂದ 90 ಡಿಗ್ರಿಯಲ್ಲಿ ಎರಡು ಗಂಟೆಗೆ ಕಡಿಮೆ ಇಲ್ಲದ ಹಾಗೆ ಇಡುತ್ತಿದ್ದೆವು, ಆದಷ್ಟೂ ರಾತ್ರಿ ಪೂರ್ತಿ. HCl ಹಾಕುವುದರ ಒಂದು ಲಾಭವೂ ಇದೇ. ಕಾರ್ಬೊನೇಟ್, ಫಾಸ್ಫೇಟ್ ಜೊತೆಗೆ ಬೀಳದ ಹಾಗೆ ತಡೆಯುವುದು ಒಂದು ಕೆಲಸ. ಕರಗುವಿಕೆಯನ್ನು ಒಂಚೂರು ಏರಿಸಿ ಹರಳು ದಪ್ಪ ಆಗಲು ಬಿಡುವುದು ಇನ್ನೊಂದು.

ಸುಮ್ನೆ ಓದುಗ

ಹಾಗಿದ್ದರೆ ಆಸಿಡ್ ಜಾಸ್ತಿ ಹಾಕಿದರೆ ಇನ್ನೂ ಒಳ್ಳೇದು ಅಲ್ವಾ? ಎರಡು ಗಂಟೆಯ ಕೆಲಸ ಅರ್ಧ ಗಂಟೆಗೆ ಆಗುತ್ತೆ.

ನೀರಿನ ಲ್ಯಾಬ್ ಶಾರದಕ್ಕ

ಆಗ ಕಳ್ಳ ನಿಜವಾಗಿಯೂ ಕರಗಿಯೇ ಹೋಗುತ್ತಾನೆ. ಆಸಿಡ್ ಜಾಸ್ತಿಯಾದರೆ ಸಲ್ಫೇಟ್ ಬೈಸಲ್ಫೇಟ್ ಆಗಿ ದ್ರಾವಣದಲ್ಲೇ ಉಳಿಯುತ್ತದೆ. ಆ ಮಗು ಹಾಕಿದ ಒಂದು ಎಂಎಲ್ ಸಾಕು.

ಮಂಡ್ಯದ ಪಿಪೆಟ್

ಮೇಡಂ, ಬೇರಿಯಂ ಕ್ಲೋರೈಡ್ ನಾನು ಮೆಷರಿಂಗ್ ಸಿಲಿಂಡರ್‌ನಿಂದ ಒಂದೇ ಸಲ ಸುರಿದೆ. ತಣ್ಣಗಿತ್ತು. ಪುಟ್ಟಣ್ಣ ಸರ್ ಹೇಳಿದ "ಆತುರ" ಅದೇನಾ?

ನೀರಿನ ಲ್ಯಾಬ್ ಶಾರದಕ್ಕ

ಅದೇ. ಗಾಢವಾಗಿ, ತಣ್ಣಗೆ, ಒಂದೇ ಸಲ. ಮೂರೂ ಸೇರಿ ಲಕ್ಷಾಂತರ ಸಣ್ಣ ಹರಳು ಒಟ್ಟಿಗೆ ಹುಟ್ಟುತ್ತವೆ. ಇಷ್ಟು ಬೇಕೂ ಇರಲಿಲ್ಲ, ನಿಮ್ಮ 0.3 ಗ್ರಾಂಗೆ ಆ 10% ದ್ರಾವಣ 4.2 ಎಂಎಲ್ ಸಾಕು. ಎರಡು ಪಟ್ಟಿಗಿಂತ ಜಾಸ್ತಿ ಹಾಕಿದ್ದೀರಿ. ಆ ಹೆಚ್ಚಿನ ಬೇರಿಯಂ ಕ್ಲೋರೈಡ್ ಹರಳಿನ ಒಳಗೆ ಸಿಕ್ಕಿಕೊಂಡು ತೂಕ ಏರಿಸುತ್ತದೆ. ಎಷ್ಟೇ ತೊಳೆದರೂ ಅದು ಬರುವುದಿಲ್ಲ, ಹೊರಗಿನದು ಮಾತ್ರ ಹೋಗುತ್ತದೆ.

ಮುಂದಿನ ಸಲ 350 ಎಂಎಲ್‌ಗೆ ನೀರಾಗಿಸಿ. 5% ದ್ರಾವಣ 10 ಎಂಎಲ್ ತಗೊಂಡು ಅದನ್ನೂ ಬಿಸಿ ಮಾಡಿ, ಪಿಪೆಟ್‌ನಿಂದ ಹನಿ ಹನಿಯಾಗಿ, ರಾಡ್ ಆಡಿಸುತ್ತಾ ಹಾಕಿ. ರಾಡ್ ಬೀಕರ್ ಗೋಡೆಗೆ ಉಜ್ಜಬಾರದು, ಗೀರಿದ ಜಾಗದಲ್ಲೆಲ್ಲ ಪ್ರೆಸಿಪಿಟೇಟ್ ಅಂಟಿಕೊಳ್ಳುತ್ತದೆ. ಮುಗಿದ ಮೇಲೆ ಸ್ವಲ್ಪ ಕೆಳಗೆ ಇಳಿಯಲಿ, ಮೇಲಿನ ತಿಳಿಗೆ ಎರಡು ಹನಿ ಬೇರಿಯಂ ಕ್ಲೋರೈಡ್ ಬಿಟ್ಟು ನೋಡಿ. ಬಿಳಿ ಬರದಿದ್ದರೆ ಸಾಕಾಗಿದೆ.

ಮತ್ತೆ ಬರ್ನರ್ ಮೇಲೆ ಕುದಿಸಬೇಡಿ. ವಾಟರ್ ಬಾತ್, ಮೇಲೆ ವಾಚ್ ಗ್ಲಾಸ್. ಕುದಿದು ಎಗರಿದ ಹನಿ ಎಲ್ಲ ನಿಮ್ಮ ಉತ್ತರದಿಂದ ಕಳೆದ ಹಾಗೆ.

ವಿಜಯನಗರ ವೇಣು

2 ನಿಮಿಷದಲ್ಲಿ ಟರ್ಬಿಡಿಟಿ ಮೀಟರ್‌ನಲ್ಲಿ ಬರುವ ಉತ್ತರಕ್ಕೆ ಎರಡು ದಿನ ಯಾರು ಕೂರುತ್ತಾರೆ ಗುರುವೇ. ಅಯಾನ್ ಕ್ರೊಮ್ಯಾಟೋಗ್ರಫಿ ಬಂದು ಎಷ್ಟು ಕಾಲವಾಯಿತು.

ಜಿ4 ಜಗ್ಗ

ಆ ಮೀಟರ್‌ಗೆ ಸ್ಟ್ಯಾಂಡರ್ಡ್ ಯಾರು ಕೊಡುತ್ತಾರೆ ವೇಣು? ಟರ್ಬಿಡಿಟಿಯಲ್ಲಿ ಬೇಕಾಗಿರುವುದೇ ಸಣ್ಣ ಹರಳು, ಕೆಳಗೆ ಇಳಿಯದ ಹಾಗೆ ತೇಲಬೇಕು. ಇಲ್ಲಿ ಉಲ್ಟಾ. ಎರಡೂ ಬೇರೆ ಆಟ. ಅವರ ಪ್ರಾಕ್ಟಿಕಲ್‌ನಲ್ಲಿ ತೂಗಿ ಅಂದಿದ್ದಾರೆ, ತೂಗುತ್ತಾರೆ ಬಿಡಿ.

ವಿಜಯನಗರ ವೇಣು

ಸರಿ ಸರಿ. ಮಾಡಿ. ಕರೆಂಟ್ ಹೋಗದಿದ್ದರೆ.

ಒಂಟಿಕೊಪ್ಪಲ್ ಹುಡುಗ

ಮಫಲ್ 800 ಮುಟ್ಟುವಷ್ಟರಲ್ಲಿ ಕರೆಂಟ್ ಹೋಗುವುದು, ಬಂದ ಮೇಲೆ ಮತ್ತೆ ಒಂದರಿಂದ ಶುರು. ನಮ್ಮ ಬ್ಯಾಚಿನ ಇತಿಹಾಸ.

ಮಂಡ್ಯದ ಪಿಪೆಟ್ · ಶುಕ್ರವಾರ ರಾತ್ರಿ

ಬೇಕೆಂದೇ ಒಂದು ಸಲ ಹಳೆ ತಪ್ಪು ವಿಧಾನದಲ್ಲೇ ಮಾಡಿದೆ, ಆದರೆ ಫಿಲ್ಟ್ರೇಟ್ ಚೆಲ್ಲಲಿಲ್ಲ. ಫಿಲ್ಟರ್ ಆದಾಗ ನೀರು ತಿಳಿಯಾಗಿತ್ತು, ಆಣೆ ಮಾಡಿ ಹೇಳುತ್ತೇನೆ. ಬೆಳಿಗ್ಗೆ ಹೋಗಿ ನೋಡಿದರೆ ಬೀಕರ್ ತಳದಲ್ಲಿ ತೆಳ್ಳಗೆ ಬಿಳಿ ಪದರ. ತಿರುಗಿಸಿದರೆ ಮೇಡಂ ಹೇಳಿದ ಹಾಗೇ ಹೊಗೆ ಎದ್ದಿತು. ಅದನ್ನು 42ರಲ್ಲಿ ಹಿಡಿದು ಸುಟ್ಟು ತೂಗಿದೆ.

ಮೊದಲ ಪೇಪರಿನಲ್ಲಿ ಸಿಕ್ಕಿದ್ದು: 0.3889
ಫಿಲ್ಟ್ರೇಟ್‌ನಲ್ಲಿ ಸಿಕ್ಕಿದ್ದು: 0.0091
ಒಟ್ಟು: 0.3980

ಇನ್ನೂ 3.8 ಮಿಲಿಗ್ರಾಂ ಕಡಿಮೆ. ಇನ್ನೊಂದು ವಿಷಯ, ಸುಟ್ಟ ಮೇಲೆ ಪ್ರೆಸಿಪಿಟೇಟ್ ಪೂರ್ತಿ ಬಿಳಿ ಇಲ್ಲ, ಬೂದಿ ಬಣ್ಣ ಇದೆ. ಮೊದಲ ಮೂರು ಸಲವೂ ಹೀಗೇ ಇತ್ತು.

ಸುಮ್ನೆ ಓದುಗ

ಬೂದಿ ಬಣ್ಣ ಅಂದರೆ ಪೇಪರಿನ ಇದ್ದಿಲು ಉಳಿದಿದೆ. ಇನ್ನೂ ಸ್ವಲ್ಪ ಹೊತ್ತು ಇಡಿ, ಸುಟ್ಟು ಹೋಗುತ್ತೆ. ಆದರೆ ತೂಕ ಇನ್ನೂ ಕಡಿಮೆ ಆಗುತ್ತೆ, ಅದೇ ತಮಾಷೆ.

ನೀರಿನ ಲ್ಯಾಬ್ ಶಾರದಕ್ಕ

ಅರ್ಧ ಸರಿ. ಇದ್ದಿಲು ಇರಬಹುದು. ಆದರೆ ಆ ಇದ್ದಿಲು ಸುಮ್ಮನೆ ಕೂರಲಿಲ್ಲ ಅನ್ನುವುದು ನನ್ನ ಅನುಮಾನ. ಪೇಪರ್ ಸುಡುವಾಗ ಬೆಂಕಿ ಹತ್ತಿಕೊಂಡಿತಾ?

ಮಂಡ್ಯದ ಪಿಪೆಟ್

ಹೌದು ಮೇಡಂ, ಭಗ್ ಅಂತ ಹತ್ತಿಕೊಂಡಿತು. ಮುಚ್ಚಳ ಹಾಕಿ ಆರಿಸಿದೆ, ಮುಚ್ಚಳ ಹಾಗೇ ಬಿಟ್ಟು ಫರ್ನೇಸ್‌ಗೆ ಇಟ್ಟೆ.

ನೀರಿನ ಲ್ಯಾಬ್ ಶಾರದಕ್ಕ

ಸಿಕ್ಕಿತು. ಗಾಳಿ ಆಡದೆ ಬಿಸಿ ಏರಿದರೆ ಪೇಪರಿನ ಇದ್ದಿಲು ಬೇರಿಯಂ ಸಲ್ಫೇಟಿನ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಬೇರಿಯಂ ಸಲ್ಫೈಡ್ ಆಗುತ್ತದೆ, BaS. 233 ಇದ್ದದ್ದು 169 ಆಯಿತು ನೋಡಿ, ತೂಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಅದೂ ಅಲ್ಲದೆ ಪೇಪರ್ ಭಗ್ ಅಂದಾಗ ಹೊಗೆ ಜೊತೆ ಸಣ್ಣ ಪುಡಿಯೂ ಹಾರಿಹೋಗುತ್ತದೆ. ಹಾರಿದ್ದು ವಾಪಸ್ ಬರಲ್ಲ, ಸಲ್ಫೈಡ್ ಆದದ್ದನ್ನು ಮಾತ್ರ ವಾಪಸ್ ತರಬಹುದು.

ಕ್ರೂಸಿಬಲ್ ತಣ್ಣಗಾಗಲಿ. ಒಂದೆರಡು ಹನಿ ಗಾಢ ಸಲ್ಫ್ಯೂರಿಕ್ ಆಸಿಡ್ ಬಿಡಿ. ಫ್ಯೂಮ್ ಹುಡ್ ಒಳಗೆ ಮಾಡಿ. ಕೊಳೆತ ಮೊಟ್ಟೆ ವಾಸನೆ ಬಂತೋ, ಸಲ್ಫೈಡ್ ಇದ್ದದ್ದು ಖಾತ್ರಿ. ಹಾಗಂತ ಮೂಗು ಇಟ್ಟು ನೋಡಬೇಡಿ, ಅದು ವಿಷದ ಗಾಳಿ. ಆಮೇಲೆ ಬಹಳ ಮೆಲ್ಲಗೆ ಬಿಸಿ ಮಾಡಿ ಬಿಳಿ ಹೊಗೆ ಪೂರ್ತಿ ಹೋಗಲಿ, ಆತುರಪಟ್ಟರೆ ಸಿಡಿಯುತ್ತದೆ. ಮತ್ತೆ 800ರಲ್ಲಿ ಇಟ್ಟು, ಡೆಸಿಕೇಟರ್‌ನಲ್ಲಿ ಆರಿಸಿ ತೂಗಿ.

ಜಿ4 ಜಗ್ಗ

ಮೇಡಂ, ಒಂದು ತಕರಾರು. ಒಳಗೆ ಸಿಕ್ಕಿಕೊಂಡ ಬೇರಿಯಂ ಕ್ಲೋರೈಡೂ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಬೇರಿಯಂ ಸಲ್ಫೇಟ್ ಆಗುತ್ತಲ್ಲ? ತೂಕ ಏರಿದರೆ ಅದು ಸಲ್ಫೈಡಿಂದಲೇ ಅಂತ ಹೇಗೆ ಹೇಳುತ್ತೀರಿ? ಅದು ಸರಿಯಾದ ಉತ್ತರದ ಕಡೆ ಹೋಗುವುದಲ್ಲ, ತಪ್ಪನ್ನು ಇನ್ನೂ ದಪ್ಪ ಮಾಡುವುದು.

ನೀರಿನ ಲ್ಯಾಬ್ ಶಾರದಕ್ಕ

ಒಳ್ಳೆ ತಕರಾರು. ಕ್ಲೋರೈಡ್ ಸಲ್ಫೇಟ್ ಆದರೆ ನೂರಕ್ಕೆ ಹನ್ನೆರಡರಷ್ಟು ಏರುತ್ತದೆ. ಎರಡು ಮೂರು ಮಿಲಿಗ್ರಾಂ ಏರಬೇಕಾದರೆ ಇಪ್ಪತ್ತರ ಆಸುಪಾಸು ಮಿಲಿಗ್ರಾಂ ಕ್ಲೋರೈಡ್ ಒಳಗೆ ಇರಬೇಕು, ಅಷ್ಟು ಇದ್ದಿದ್ದರೆ ತೂಕ ಮೊದಲೇ ಜಾಸ್ತಿ ತೋರಿಸುತ್ತಿತ್ತು. ವಾಸನೆಯೂ ಒಂದು ಸಾಕ್ಷಿ. ಆದರೆ ಸ್ವಲ್ಪ ಏರಿಕೆ ಅದರಿಂದಲೂ ಇರಬಹುದು, ಇಲ್ಲ ಅನ್ನುವುದಿಲ್ಲ.

ಮಂಡ್ಯದ ಪಿಪೆಟ್ · ಶನಿವಾರ

ವಾಸನೆ ಬಂತು!! ಅಟೆಂಡರ್ ಅಣ್ಣ "ಯಾರಪ್ಪ ಮೊಟ್ಟೆ ತಂದಿದ್ದು" ಅಂತ ಬಂದರು. ಮತ್ತೆ ಸುಟ್ಟ ಮೇಲೆ ಬೆಳ್ಳಗೆ ಆಯಿತು. 0.3889 ಇದ್ದದ್ದು 0.3914. ಎರಡನೇ ಸಲ ಸುಟ್ಟು ತೂಗಿದಾಗಲೂ ಅಷ್ಟೇ.

ಈಗ ಒಟ್ಟು 0.4005. ಇನ್ನು 1.3 ಮಿಲಿಗ್ರಾಂ ಮಾತ್ರ ಬಾಕಿ. ಇದು ತೊಳೆದ ನೀರಾ?

ಸುಮ್ನೆ ಓದುಗ

ನಾನು ಮೊದಲೇ ಹೇಳಿದೆ. ಮೇಡಂ ಲೆಕ್ಕದಲ್ಲೇ 1.2 ಇದೆ ನೋಡಿ. ಸರಿಯಾಗಿ ಕೂತಿತು.

ನೀರಿನ ಲ್ಯಾಬ್ ಶಾರದಕ್ಕ

ಕೂತಿತು ಅಂತ ಕೂರಿಸಬೇಡಿ. 1.2 ಅನ್ನುವುದು ಮೇಲಿನ ಮಿತಿ, ಅಷ್ಟು ಹೋಗುವುದು ಅಪರೂಪ. ಅಷ್ಟೇ ಅಲ್ಲ, ಫಿಲ್ಟ್ರೇಟ್ ಜೊತೆ ತೊಳೆದ ನೀರೂ ಸೇರಿದ್ದರೆ, ಅಲ್ಲಿನ ಬೇರಿಯಂ ದೆಸೆಯಿಂದ ಕರಗಿದ್ದರ ಬಹುಭಾಗ ಮತ್ತೆ ಕೆಳಗೆ ಬಿದ್ದಿರುತ್ತದೆ. ಅದನ್ನು ಆಗಲೇ 0.0091ರಲ್ಲಿ ತೂಗಿಯಾಗಿದೆ.

ನನಗೆ ಪೊಟ್ಯಾಸಿಯಂ ಮೇಲೆ ಅನುಮಾನ. ಹರಳು ಆತುರದಲ್ಲಿ ಬೆಳೆದಾಗ ಪೊಟ್ಯಾಸಿಯಂ ಸಲ್ಫೇಟ್ ಹಾಗೇ ಒಳಗೆ ಸಿಕ್ಕಿಕೊಳ್ಳುತ್ತದೆ. 233 ತೂಗಬೇಕಾಗಿದ್ದ ಸಲ್ಫೇಟ್ 174 ತೂಗುತ್ತದೆ. ಸುಮಾರು 4 ಮಿಲಿಗ್ರಾಂ ಪೊಟ್ಯಾಸಿಯಂ ಸಲ್ಫೇಟ್ ಸಿಕ್ಕಿಕೊಂಡರೆ ನಿಮ್ಮ 1.3 ಬಂದುಬಿಡುತ್ತದೆ.

ಜಿ4 ಜಗ್ಗ

ಅದೇ ಹೊತ್ತಿಗೆ ಎರಡು ಪಟ್ಟು ಬೇರಿಯಂ ಕ್ಲೋರೈಡ್ ಹಾಕಿದ್ದು ತೂಕ ಏರಿಸಿರುತ್ತೆ. ಒಂದು ಏರಿಸುತ್ತೆ, ಒಂದು ಇಳಿಸುತ್ತೆ. ಹಾಗಿರುವಾಗ 1.3ಕ್ಕೆ ಇದೇ ಕಾರಣ ಅನ್ನಲು ಆಗಲ್ಲ ಮೇಡಂ. ಬೀಕರ್ ಗೋಡೆಯಲ್ಲಿ ಅಂಟಿದ್ದೂ ಇರಬಹುದು, ಭಗ್ ಅಂದಾಗ ಹಾರಿದ್ದೂ ಇರಬಹುದು.

ನೀರಿನ ಲ್ಯಾಬ್ ಶಾರದಕ್ಕ

ಇರಬಹುದು. ನೀವು ಹೇಳಿದ ಏರಿಳಿತದಿಂದಲೇ ಎಷ್ಟೋ ಸಲ ತಪ್ಪು ಕೆಲಸಕ್ಕೂ ಸರಿ ಉತ್ತರ ಬಂದುಬಿಡುತ್ತದೆ. ನನ್ನ ಜೊತೆ ಒಬ್ಬರಿದ್ದರು, ಅವರ ಉತ್ತರ ಯಾವಾಗಲೂ 100.0. ಒಂದು ದಿನ ಪೇಪರ್ ಪಲ್ಪ್ ಖಾಲಿಯಾಗಿ ಮಾಮೂಲಿ ಫಿಲ್ಟರ್ ಪೇಪರ್ ಹರಿದು ಹಾಕಿದ್ದರು. ಅದು ಬೂದಿ ಉಳಿಸುವ ಪೇಪರ್. ಸೋರಿದ್ದನ್ನು ಬೂದಿ ತುಂಬಿಕೊಟ್ಟಿತ್ತು.

ಮಂಡ್ಯದ ಪಿಪೆಟ್

ಪಲ್ಪ್ ಅಂದರೆ?

ನೀರಿನ ಲ್ಯಾಬ್ ಶಾರದಕ್ಕ

ಬೂದಿ ಉಳಿಸದ ಪೇಪರನ್ನು ಚೂರು ಮಾಡಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಹಾಕಿ ಜೋರಾಗಿ ಕುಲುಕಿದರೆ ಹತ್ತಿ ತರಹ ಆಗುತ್ತದೆ. ಫಿಲ್ಟರ್ ಮಾಡುವ ಮುಂಚೆ ಅದನ್ನು ಒಂದಿಷ್ಟು ಪ್ರೆಸಿಪಿಟೇಟ್ ಜೊತೆ ಬೆರೆಸಿ. ಎರಡು ಲಾಭ. 42 ಕಟ್ಟಿಕೊಳ್ಳದೆ ಬೇಗ ಇಳಿಯುತ್ತದೆ, ಅಂದರೆ ನಿಮ್ಮ ನಾಲ್ಕೂವರೆ ತಾಪತ್ರಯ ಕಡಿಮೆ. ಇನ್ನೊಂದು, ಬೇರಿಯಂ ಸಲ್ಫೇಟ್‌ಗೆ ಒದ್ದೆ ಗಾಜು, ಒದ್ದೆ ಪೇಪರ್ ಹಿಡಿದುಕೊಂಡು ಮೇಲೆ ಹತ್ತುವ ಚಾಳಿ ಇದೆ. ಪೇಪರ್ ಅಂಚು ದಾಟಿ ಫನಲ್ ಆಚೆ ಇಳಿದುಬಿಡುತ್ತದೆ. ಪಲ್ಪ್ ಇದ್ದರೆ ಅಷ್ಟು ಹತ್ತಲ್ಲ. ಹಾಗಿದ್ದರೂ ಪೇಪರನ್ನು ಮೂರರಲ್ಲಿ ಎರಡು ಭಾಗಕ್ಕಿಂತ ಮೇಲೆ ತುಂಬಬೇಡಿ.

ಮೊದಲು ಮೇಲಿನ ತಿಳಿಯನ್ನು ಮಾತ್ರ ಪೇಪರಿಗೆ ಬಿಡಿ. ಪ್ರೆಸಿಪಿಟೇಟ್ ಬೀಕರ್‌ನಲ್ಲೇ ಇರಲಿ, ಅಲ್ಲೇ ಎರಡು ಮೂರು ಸಲ ತೊಳೆದು ಕೊನೆಗೆ ಇಳಿಸಿ. ಗೋಡೆಗೆ ಅಂಟಿದ್ದನ್ನು ರಬ್ಬರ್ ಪೊಲೀಸ್‌ಮನ್‌ನಿಂದ ಉಜ್ಜಿ. ಅದಕ್ಕೂ ಬರದಿದ್ದರೆ ಬೂದಿ ಉಳಿಸದ ಪೇಪರಿನ ಚೂರಿನಿಂದ ಒರೆಸಿ ಆ ಚೂರನ್ನೂ ಫನಲ್‌ಗೆ ಹಾಕಿ. ಪೇಪರ್ ಸುಡುವಾಗ ಜ್ವಾಲೆ ಬೇಡವೇ ಬೇಡ. ಮೊದಲು ಒಣಗಲಿ, ಆಮೇಲೆ ಕಪ್ಪಾಗಲಿ, ಆಮೇಲೆ ಮುಚ್ಚಳ ತೆರೆದು ಗಾಳಿಯಲ್ಲಿ ಬೆಳ್ಳಗಾಗಲಿ, ಕೊನೆಗೆ ಫರ್ನೇಸ್.

ಪ್ಯಾನ್‌ಮನೆ ಪುಟ್ಟಣ್ಣ

ರಾತ್ರಿ ಪೂರ್ತಿ ಬಿಸಿ ಇಡಬೇಕು ಅಂದಿರಿ, ಈ ಮಗುವಿನ ಲ್ಯಾಬ್ ಸಂಜೆಯೇ ಮುಚ್ಚುತ್ತದೆ. ನಮ್ಮಲ್ಲಾದರೆ ಮೂರು ಶಿಫ್ಟ್ ಇತ್ತು.

ನೀರಿನ ಲ್ಯಾಬ್ ಶಾರದಕ್ಕ

ಮಧ್ಯಾಹ್ನ ಎರಡು ಗಂಟೆ ವಾಟರ್ ಬಾತ್ ಮೇಲೆ, ಆಮೇಲೆ ಮುಚ್ಚಿ ಮೂಲೆಯಲ್ಲಿ ತಣ್ಣಗೆ ರಾತ್ರಿ ಪೂರ್ತಿ. ಬಿಸಿಯಲ್ಲಿ ಇಟ್ಟಷ್ಟು ಬೇಗ ಬಲಿಯಲ್ಲ, ಆದರೆ ಬೆಳಿಗ್ಗೆ ಚೆನ್ನಾಗಿ ಕೂತಿರುತ್ತದೆ. ಮೇಲೆ "ಚೆಲ್ಲಬೇಡಿ" ಅಂತ ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ.

ಮದ್ದೂರು ತೋಟ

ಮೇಡಂ, ವಿನಿಗರ್ ಹಾಕಿದೆ. ನೊರೆ ಬಂತು. ಜೋರಾಗಿ ಅಲ್ಲ, ಸ್ವಲ್ಪ. ಮೂಟೆ ವಾಪಸ್ ಕೊಡಲಾ?

ನೀರಿನ ಲ್ಯಾಬ್ ಶಾರದಕ್ಕ

ಸ್ವಲ್ಪ ನೊರೆಗೆ ವಾಪಸ್ ಕೊಡಬೇಡಿ, ಗಣಿಯಿಂದ ಬರುವ ಜಿಪ್ಸಮ್‌ನಲ್ಲಿ ಒಂದಿಷ್ಟು ಸುಣ್ಣದ ಅಂಶ ಇದ್ದೇ ಇರುತ್ತದೆ. ನಾಲ್ಕೈದು ಕಡೆಯಿಂದ ಕೈ ಹಾಕಿ ಬೆರೆಸಿ ಅರ್ಧ ಕೆಜಿ ಮಣ್ಣು ಪರೀಕ್ಷೆ ಕೇಂದ್ರಕ್ಕೆ ಕೊಡಿ. ಸಲ್ಫೇಟ್ ಎಷ್ಟು ಅಂತ ಕೇಳಿ.

ವಿಜಯನಗರ ವೇಣು

ಅವರು ಟರ್ಬಿಡಿಟಿ ಮೀಟರ್‌ನಲ್ಲಿ ಮಾಡಿದರೆ ನನಗೆ ತಿಳಿಸಿ 😉

ಮಂಡ್ಯದ ಪಿಪೆಟ್ · ಮುಂದಿನ ಗುರುವಾರ

ಎರಡು ಬೀಕರ್ ಒಟ್ಟಿಗೆ ಮಾಡಿದೆ. 350 ಎಂಎಲ್, ಬಿಸಿ ಬೇರಿಯಂ ಕ್ಲೋರೈಡ್ ಹನಿ ಹನಿಯಾಗಿ, ಎರಡು ಗಂಟೆ ಬಾತ್, ರಾತ್ರಿ ಮೂಲೆಯಲ್ಲಿ. 42, ಪಲ್ಪ್. ಮೊದಲಿನ ಹಾಗೆ ಹಾಲಿನ ತರಹ ಇರಲಿಲ್ಲ. ರಾಡ್ ನಿಲ್ಲಿಸಿದ ತಕ್ಷಣ ಮರಳಿನ ಹಾಗೆ ಕೆಳಗೆ ಇಳಿಯುತ್ತಿತ್ತು. ಫಿಲ್ಟ್ರೇಟ್ ಕಪ್ಪು ಬಟ್ಟೆ ಮೇಲೆ ಇಟ್ಟು ಎರಡು ದಿನ ನೋಡಿದೆ, ಏನೂ ಇಲ್ಲ.

0.4009 ಮತ್ತು 0.4004.

ಎರಡೂ ಬಿಳಿ. ಎರಡೂ ಲೆಕ್ಕಕ್ಕಿಂತ ಒಂದು ಮಿಲಿಗ್ರಾಂ ಆಸುಪಾಸು ಕಡಿಮೆ.

ನೀರಿನ ಲ್ಯಾಬ್ ಶಾರದಕ್ಕ

ಭೇಷ್. ಎರಡೂ ಒಂದೇ ಕಡೆ ಕಡಿಮೆ ಬಂದಿದೆ ನೋಡಿ, ಇನ್ನು ಜಾರುವುದು ನಿಂತಿದೆ. ಈ ಉಳಿದದ್ದು ಪೊಟ್ಯಾಸಿಯಂ ಅಂತ ನನ್ನ ಹಠ. ಸೋಡಿಯಂ ಸಲ್ಫೇಟ್ ಒಣಗಿಸಿ ಒಂದು ಸಲ ಮಾಡಿ ನೋಡಿ, ಅದರಲ್ಲೂ ಸಿಕ್ಕಿಕೊಳ್ಳುತ್ತದೆ, ಆದರೆ ಹೋಲಿಕೆಗೆ ಸಿಗುತ್ತದೆ.

ಜಿ4 ಜಗ್ಗ

ನನ್ನ ಹಠ ದ್ರಾವಣದ ಮೇಲೆ. 12.00 ಅಂತ ಬಾಟಲಿ ಮೇಲೆ ಬರೆದಿದೆ ಸರಿ, ಅದನ್ನು ತೂಗಿ ಮಾಡಿದವರು ಉಪ್ಪು ಒಣಗಿಸಿದ್ದರಾ? ಒಂದು ಮಿಲಿಗ್ರಾಂ ಅಂದರೆ ಕಾಲು ಪರ್ಸೆಂಟ್, ಅಷ್ಟು ತೇವ ಇದ್ದರೆ ಸಾಕು.

ಮಂಡ್ಯದ ಪಿಪೆಟ್

ದ್ರಾವಣ ಮಾಡಿದ್ದು ಅಟೆಂಡರ್ ಅಣ್ಣ. ನಾಳೆ ಕೇಳುತ್ತೇನೆ. ಮೊಟ್ಟೆ ವಾಸನೆ ವಿಷಯಕ್ಕೆ ಇನ್ನೂ ಮುನಿಸಿಕೊಂಡಿದ್ದಾರೆ, ಮದ್ದೂರು ವಡೆ ತಗೊಂಡು ಹೋಗಬೇಕು.